ಹದಿನಾರು ಸೆಕೆಂಡಿಗೆಂದು ಮಾರಿದ ಪುಡಿ, ಆರೂವರೆ ನಿಮಿಷಕ್ಕೆ ಹೊರೆ

ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ನಾನು ಡಾಕ್ಟರೂ ಅಲ್ಲ, ಪಿ.ಟಿ. ಮೇಷ್ಟ್ರೂ ಅಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು ಕೀಲಿಮಣೆ ಕುಟ್ಟುವವನು. ಆದರೆ ಮೊನ್ನೆ ಊರಿಗೆ ಹೋದಾಗ ಅದೇ ಮಾತು ಇನ್ನೂ ಇಬ್ಬರು ಹುಡುಗರ ಬಾಯಲ್ಲಿ ಕೇಳಿಬಂತು. ಇನ್ನು ಸುಮ್ಮನಿದ್ದರೆ ನನ್ನದೂ ತಪ್ಪಾಗುತ್ತದೆ ಅನ್ನಿಸಿತು. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಇದೆ, ಸ್ವಲ್ಪ ಸಿಟ್ಟೂ ಇದೆ. ಸಹಿಸಿಕೊಳ್ಳಿ.

ನನ್ನ ಸೋದರಮಾವನ ಮಗ ಹಾವೇರಿ ಕಡೆಯವನು. ಹೆಸರು ಬೇಡ, ತಮ್ಮ ಅಂತಲೇ ಕರೆಯುತ್ತೇನೆ. ಡಿಗ್ರಿ ಮುಗಿಸಿ ಧಾರವಾಡದಲ್ಲಿ ರೂಮು ಮಾಡಿಕೊಂಡು ಎರಡು ವರ್ಷ ಓದಿ, ದೆಹಲಿ ಪೊಲೀಸ್ ಮತ್ತು ಕೇಂದ್ರ ಸಶಸ್ತ್ರ ಪಡೆಗಳ ಸಬ್ ಇನ್ಸ್‌ಪೆಕ್ಟರ್ ಹುದ್ದೆಯ ಮೊದಲ ಲಿಖಿತ ಪರೀಕ್ಷೆ ಪಾಸಾದ. ನಮ್ಮ ಮನೆತನದಲ್ಲಿ ಯಾರೂ ಅಷ್ಟು ದೂರ ಹೋದವರಿಲ್ಲ. ಮುಂದಿನದು ದೈಹಿಕ ಪರೀಕ್ಷೆ. ಅದಕ್ಕೆ ಹತ್ತು ದಿನ ಇದ್ದಾಗ ಫೋನ್ ಮಾಡಿದ.

"ಅಣ್ಣಾ, ಕ್ರಿಯಾಟಿನ್ ಅಂತ ಪುಡಿ ಐತಿ. ಗ್ರೌಂಡಿನ್ಯಾಗ ಟ್ರೇನಿಂಗ್ ಕೊಡೋ ಸರ್ ಹೇಳ್ಯಾರ, ಹತ್ತ ದಿನ ತಗೊಂಡ್ರ ಸಾಕಂತ. ಓಟ, ಜಿಗಿತ ಎಲ್ಲಾ ಹೆಚ್ಚಾಗ್ತೈತಂತ. ತಗೊಳ್ಳಲೇನ?"

ನಾನು ಏನು ಹೇಳಿದೆ ಗೊತ್ತೇ? "ಅದು ಸ್ಟೀರಾಯ್ಡ್ ಅಲ್ಲ, ಏನೂ ಆಗಲ್ಲ, ತಗೋ" ಅಂದೆ. ಆಫೀಸಿನ ಕೆಳಗಿನ ಜಿಮ್ಮಿನಲ್ಲಿ ಅರ್ಧ ಜನ ಅದನ್ನೇ ಕುಡಿಯುತ್ತಾರೆ, ನಾನೂ ಆರು ತಿಂಗಳು ಕುಡಿದಿದ್ದೆ. ಅವನು ಯಾವ ಪರೀಕ್ಷೆಗೆ ಹೋಗುತ್ತಿದ್ದಾನೆ ಅಂತ ಒಂದು ಮಾತು ಕೇಳಲಿಲ್ಲ. ಹಾಗಾಗಿ ಈ ಬರಹದಲ್ಲಿ ಬೈಸಿಕೊಳ್ಳುವವರ ಸಾಲಿನಲ್ಲಿ ಮೊದಲು ನಿಂತಿರುವವನು ನಾನೇ.

ಮೊದಲು ಪರೀಕ್ಷೆ ಏನು ಅಂತ ನೋಡೋಣ. ಗಂಡಸರಿಗೆ 100 ಮೀಟರ್ ಓಟ 16 ಸೆಕೆಂಡಿನಲ್ಲಿ, 1.6 ಕಿಲೋಮೀಟರ್ ಓಟ ಆರೂವರೆ ನಿಮಿಷದಲ್ಲಿ. ಉದ್ದ ಜಿಗಿತ 3.65 ಮೀಟರ್, ಎತ್ತರ ಜಿಗಿತ 1.2 ಮೀಟರ್, ಗುಂಡು ಎಸೆತ 4.5 ಮೀಟರ್, ಇವು ಮೂರಕ್ಕೂ ಮೂರು ಮೂರು ಅವಕಾಶ. ಇದರಲ್ಲಿ ಅಂಕ ಇಲ್ಲ ಅನ್ನುವುದು ಬಹಳ ಮುಖ್ಯ. 100 ಮೀಟರನ್ನು 12 ಸೆಕೆಂಡಿಗೆ ಓಡಿದವನಿಗೂ 15.9ಕ್ಕೆ ಓಡಿದವನಿಗೂ ಸಿಗುವುದು ಒಂದೇ ಟಿಕ್ ಗುರುತು. ಆದರೆ ಐದರಲ್ಲಿ ಯಾವುದಾದರೂ ಒಂದು ಹೋದರೆ ಉಳಿದ ನಾಲ್ಕು ಎಷ್ಟು ಚೆನ್ನಾಗಿ ಮಾಡಿದ್ದರೂ ಮನೆಗೆ ಬಸ್ಸು.

ಅಂದರೆ ಇಲ್ಲಿ ಕೇಳಬೇಕಾದ ಪ್ರಶ್ನೆ "ನನ್ನ ಶಕ್ತಿ ಹೆಚ್ಚುತ್ತದೆಯೇ?" ಅಲ್ಲ. "ಯಾವುದರಲ್ಲಿ ನಾನು ಸೋಲುವ ಅಂಚಿನಲ್ಲಿದ್ದೇನೆ?" ಅನ್ನುವುದು. ನಮ್ಮ ಕಸುಬಿನವರಿಗೆ ಇದು ಹೊಸದಲ್ಲ. ಪ್ರೋಗ್ರಾಮು ನಿಧಾನವಾಗಿದ್ದರೆ ಮೊದಲು ಎಲ್ಲಿ ನಿಧಾನ ಅಂತ ಅಳೆಯುತ್ತೇವೆ, ಆಮೇಲೆ ಕೈ ಹಾಕುತ್ತೇವೆ. ಮೊದಲೇ ಚುರುಕಾಗಿರುವ ಭಾಗವನ್ನು ಇನ್ನಷ್ಟು ಚುರುಕು ಮಾಡಿ ಬೀಗಿದ ಹೊಸಬನಿಗೆ ಟೀಮ್ ಲೀಡರು ಏನನ್ನುತ್ತಾನೋ ನಿಮಗೆ ಗೊತ್ತೇ ಇದೆ :-)

ತಮ್ಮನ ಲೆಕ್ಕ ಹೀಗಿತ್ತು. 100 ಮೀಟರ್ 14.4 ಸೆಕೆಂಡು. ಉದ್ದ ಜಿಗಿತ ನಾಲ್ಕು ಮೀಟರಿನ ಹತ್ತಿರ. ಎತ್ತರ ಜಿಗಿತ ಮೂರರಲ್ಲಿ ಒಂದು ಸಲ ಖಂಡಿತ ದಾಟುತ್ತಿದ್ದ. ಗುಂಡು ಎಸೆತಕ್ಕೆ ಚಿಂತೆಯೇ ಇರಲಿಲ್ಲ, ಹೊಲದಲ್ಲಿ ದುಡಿದ ಕೈ. ಆದರೆ 1600 ಮೀಟರಿನಲ್ಲಿ ಅವನ ಅತ್ಯುತ್ತಮ ಸಮಯ 6 ನಿಮಿಷ 27 ಸೆಕೆಂಡು. 390 ಸೆಕೆಂಡಿನ ಪರೀಕ್ಷೆಯಲ್ಲಿ ಅವನ ಕೈಯಲ್ಲಿ ಉಳಿದಿದ್ದದ್ದು ಮೂರೇ ಸೆಕೆಂಡು. ಸೋಲುವ ಅಂಚು ಎಲ್ಲಿದೆ ಅಂತ ನೋಡಲು ಇದಕ್ಕಿಂತ ಹೆಚ್ಚಿನ ಲೆಕ್ಕ ಬೇಕೇ?

ಈಗ ಪುಡಿಯ ವಿಚಾರ. ಎರಡೂ ಕಡೆಯವರ ಅಜ್ಞಾನ ಒಂದೊಂದಾಗಿ ಬಿಡಿಸೋಣ.

"ಅದು ಸ್ಟೀರಾಯ್ಡು, ಕಿಡ್ನಿ ತಿಂದುಹಾಕುತ್ತೆ" ಅನ್ನುವ ಗುಂಪು ಒಂದಿದೆ. ಅವರು ತಪ್ಪು. ಕ್ರಿಯಾಟಿನ್ ನಮ್ಮ ದೇಹದಲ್ಲೇ ಇರುವ ಪದಾರ್ಥ. ಎಪ್ಪತ್ತು ಕಿಲೋ ತೂಗುವ ಗಂಡಸಿನಲ್ಲಿ ಸುಮಾರು 120 ಗ್ರಾಂ ಇರುತ್ತದೆ, ಅದರಲ್ಲಿ ಹೆಚ್ಚುಪಾಲು ಸ್ನಾಯುವಿನಲ್ಲಿ. ದಿನಕ್ಕೆ ಸುಮಾರು ಎರಡು ಗ್ರಾಂ ಖರ್ಚಾಗುತ್ತದೆ. ಅರ್ಧದಷ್ಟನ್ನು ದೇಹವೇ ಮಾಡಿಕೊಳ್ಳುತ್ತದೆ, ಉಳಿದದ್ದು ಮಾಂಸ, ಮೀನಿನಿಂದ ಬರುತ್ತದೆ. ಕ್ರೀಡಾಪಟುಗಳಿಗೆ ನಿಷೇಧಿಸಿರುವ ಮದ್ದುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಿಲ್ಲ. ಆರೋಗ್ಯವಂತರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಕಿಡ್ನಿಗೆ ಹಾನಿ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಈಗಾಗಲೇ ಕಿಡ್ನಿ ತೊಂದರೆ ಇರುವವರ ಮಾತು ಬೇರೆ, ಅವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಈ ಗೊಂದಲಕ್ಕೆ ಒಂದು ಕಾರಣ ರಕ್ತಪರೀಕ್ಷೆಯ ಚೀಟಿಯಲ್ಲಿರುವ ಕ್ರಿಯಾಟಿನಿನ್. ಅದು ಕ್ರಿಯಾಟಿನ್ ಒಡೆದು ಆಗುವ ಕಸ. ಪುಡಿ ತಿಂದವನ ಚೀಟಿಯಲ್ಲಿ ಆ ಅಂಕಿ ಸ್ವಲ್ಪ ಮೇಲೇರಬಹುದು, ಕಿಡ್ನಿ ಸರಿಯಾಗಿದ್ದರೂ ಸಹ. ಹಾಗಾಗಿ ತಿನ್ನುವವನು ರಕ್ತ ಕೊಡುವಾಗ ಡಾಕ್ಟರಿಗೆ ಹೇಳಿಬಿಡುವುದು ಒಳ್ಳೆಯದು.

ಎರಡನೆಯ ಗುಂಪು "ಎಲ್ಲಾ ಹೆಚ್ಚಾಗುತ್ತೆ" ಅನ್ನುವವರದು. ನನ್ನ ಜಗಳ ಇರುವುದು ಇವರ ಜೊತೆ.

ಸ್ನಾಯು ಸೆಳೆಯಲು ಬೇಕಾದ ಇಂಧನದ ಹೆಸರು ಎಟಿಪಿ. ಅದು ಸ್ನಾಯುವಿನಲ್ಲಿ ಬಹಳ ಕಡಿಮೆ ಇರುತ್ತದೆ, ಜೋರಾಗಿ ಓಡಿದರೆ ಕೆಲವೇ ಸೆಕೆಂಡಿಗೆ ಮುಗಿಯುವಷ್ಟು. ಮುಗಿಯುತ್ತಿದ್ದಂತೆ ಅದನ್ನು ತಕ್ಷಣ ಮತ್ತೆ ತುಂಬಿಕೊಡುವುದು ಫಾಸ್ಫೋಕ್ರಿಯಾಟಿನ್. ಇದು ಜೇಬಿನಲ್ಲಿರುವ ಚಿಲ್ಲರೆ ಇದ್ದ ಹಾಗೆ. ಬಸ್ಸಿನಲ್ಲಿ ಕಂಡಕ್ಟರು ಕೇಳಿದ ತಕ್ಷಣ ಕೊಡಬಹುದು, ಆದರೆ ಹತ್ತು ಸೆಕೆಂಡಿನ ಆಸುಪಾಸಿಗೆ ಜೇಬು ಬಹುಪಾಲು ಖಾಲಿ. ಆಮೇಲಿನದು ಸಕ್ಕರೆಯನ್ನು ಒಡೆದು ಬರುವ ಶಕ್ತಿ. ಅದರ ನಂತರದ್ದು ಉಸಿರಿನ ಆಮ್ಲಜನಕ ಬಳಸಿ ಬರುವ ಶಕ್ತಿ, ಅದು ಬ್ಯಾಂಕಿನ ಖಾತೆ. ಪುಡಿ ತಿಂದರೆ ಸ್ನಾಯುವಿನ ಕ್ರಿಯಾಟಿನ್ ದಾಸ್ತಾನು ಸುಮಾರು ಶೇಕಡ 20ರಷ್ಟು ಏರಬಹುದು. ಜೇಬಿನಲ್ಲಿ ಐದು ರೂಪಾಯಿ ಇದ್ದದ್ದು ಆರಾಯಿತು. ಬ್ಯಾಂಕಿನ ಖಾತೆ ಹಾಗೇ ಇದೆ.

ಆ ಹೆಚ್ಚಿನ ಒಂದು ರೂಪಾಯಿಯ ಲಾಭ ಎಲ್ಲಿ ಚೆನ್ನಾಗಿ ಕಾಣುತ್ತದೆ? ಮತ್ತೆ ಮತ್ತೆ ಮಾಡುವ ಕೆಲಸದಲ್ಲಿ. ಭಾರ ಎತ್ತುವಾಗ ಎಂಟರ ಜಾಗದಲ್ಲಿ ಒಂಬತ್ತು ಸಲ ಎತ್ತಬಹುದು. ಆರು ಸಲ ಓಡಿದರೆ ಐದನೆಯದು, ಆರನೆಯದು ಅಷ್ಟು ಬೇಗ ಬಿದ್ದುಹೋಗುವುದಿಲ್ಲ. ವಾರಗಟ್ಟಲೆ ಹೀಗೆ ಸ್ವಲ್ಪ ಹೆಚ್ಚು ಅಭ್ಯಾಸ ಮಾಡಿದರೆ ಬಲ ಬರುತ್ತದೆ. ಇದು ನಿಜ, ಚೆನ್ನಾಗಿ ಪರೀಕ್ಷಿಸಿದ ಸತ್ಯ. ಆದರೆ ಒಂದೇ ಒಂದು ಸಲ 100 ಮೀಟರ್ ಓಡಿ ನಿಲ್ಲುವವನಿಗೆ ಸಿಗುವ ಲಾಭ ಸಣ್ಣದು. ಎಷ್ಟೋ ಪ್ರಯೋಗಗಳಲ್ಲಿ ಕಂಡೇ ಇಲ್ಲ. ಗಮನಿಸಿ, ಪುಡಿ ತಾನಾಗಿ ಓಡಿಸುವುದಿಲ್ಲ. ಹೆಚ್ಚು ಅಭ್ಯಾಸ ಮಾಡಲು ಬಿಡುತ್ತದೆ, ಆ ಅಭ್ಯಾಸ ಓಡಿಸುತ್ತದೆ. ಹತ್ತು ದಿನದಲ್ಲಿ ಯಾವ ಅಭ್ಯಾಸ ಫಲ ಕೊಡುತ್ತದೆ ಸ್ವಾಮಿ?

ಇನ್ನು ಆರೂವರೆ ನಿಮಿಷದ ಓಟ. ಅದರಲ್ಲಿ ಖರ್ಚಾಗುವ ಶಕ್ತಿಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಉಸಿರಿನ ಖಾತೆಯಿಂದಲೇ ಬರುತ್ತದೆ. ಚಿಲ್ಲರೆ ಜೇಬಿಗೆ ಅಲ್ಲಿ ಬೆಲೆ ಇಲ್ಲ. ಬೆಲೆ ಇಲ್ಲದಿದ್ದರೆ ಹೋಗಲಿ, ನಷ್ಟವಾದರೂ ಇಲ್ಲವೇ? ಇದೆ. ಕಥೆ ಕೆಡುವುದು ಇಲ್ಲೇ.

ಬೇಗ ತುಂಬಲಿ ಅಂತ ಮೊದಲ ಐದಾರು ದಿನ ದಿನಕ್ಕೆ 20 ಗ್ರಾಂ ತಿನ್ನುವ ಪದ್ಧತಿ ಇದೆ, ಐದೈದು ಗ್ರಾಮಿನಂತೆ ನಾಲ್ಕು ಸಲ. ಜಿಮ್ಮಿನವರು ಇದನ್ನು ಲೋಡಿಂಗ್ ಅನ್ನುತ್ತಾರೆ. ಕ್ರಿಯಾಟಿನ್ ಸ್ನಾಯುವಿನೊಳಗೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಒಂದೇ ವಾರದಲ್ಲಿ ಮೈತೂಕ ಒಂದರಿಂದ ಎರಡು ಕಿಲೋ ಏರುವುದು ಸಾಮಾನ್ಯ. ಜಿಮ್ಮಿನ ಹುಡುಗನಿಗೆ ಅದು ಸಂಭ್ರಮ, ಕನ್ನಡಿಯಲ್ಲಿ ತೋಳು ದಪ್ಪ ಕಾಣುತ್ತದೆ. ಓಡುವವನಿಗೆ ಅದು ಬೆನ್ನಿಗೆ ಕಟ್ಟಿದ ಎರಡು ಬಾಟಲಿ ನೀರು, ಅದೂ ಕುಡಿಯಲಾಗದ ನೀರು.

ತಮ್ಮ ಶುರು ಮಾಡುವ ದಿನ ಬೆಳಿಗ್ಗೆ 61.8 ಕಿಲೋ ಇದ್ದ. ಆರನೆಯ ದಿನ ಬೆಳಿಗ್ಗೆ ಅದೇ ತಕ್ಕಡಿಯಲ್ಲಿ 63.2. ಒಂದು ಕಿಲೋ ನಾನೂರು ಗ್ರಾಂ ಹೆಚ್ಚು. ಅವನು ಹುಟ್ಟಾ ಸಸ್ಯಾಹಾರಿ. ಮಾಂಸ ತಿನ್ನದವರ ಸ್ನಾಯುವಿನಲ್ಲಿ ಮೊದಲೇ ಕ್ರಿಯಾಟಿನ್ ಕಡಿಮೆ, ಹಾಗಾಗಿ ತುಂಬಿಕೊಳ್ಳುವುದೂ ಹೆಚ್ಚು. ಅವನಿಗೆ ಖುಷಿಯೋ ಖುಷಿ. "ಅಣ್ಣಾ, ಮೈ ಬರಾಕತ್ತೈತಿ" ಅಂದ.

ಲೆಕ್ಕ ಹಾಕಿ. ಓಡುವಾಗ ಖರ್ಚಾಗುವ ಶಕ್ತಿ ಹೆಚ್ಚುಕಡಿಮೆ ಮೈತೂಕಕ್ಕೆ ಸರಿಯಾಗಿ ಏರುತ್ತದೆ, ಕಿಲೋಮೀಟರಿಗೆ ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕಿಲೋಕ್ಯಾಲೊರಿ. 61.8ಕ್ಕೆ 1.4 ಅಂದರೆ ಶೇಕಡ 2.3. ಉಸಿರಿನ ತಾಕತ್ತು ಅಷ್ಟೇ ಇದ್ದು ಹೊರುವ ತೂಕ ಶೇಕಡ 2.3 ಏರಿದರೆ ವೇಗ ಅಷ್ಟೇ ಪಾಲು ಇಳಿಯಬಹುದು. 387 ಸೆಕೆಂಡಿನ ಶೇಕಡ 2.3 ಎಷ್ಟು? ಸುಮಾರು ಒಂಬತ್ತು ಸೆಕೆಂಡು. ಇದು ಕೆಟ್ಟದ್ದೆಲ್ಲಾ ಒಟ್ಟಿಗೆ ಬಂದರೆ ಆಗುವ ಲೆಕ್ಕ ಅಂತ ಒಪ್ಪುತ್ತೇನೆ. ಅರ್ಧ ಅನ್ನಿ, ನಾಲ್ಕೂವರೆ ಸೆಕೆಂಡು. ಅವನ ಕೈಯಲ್ಲಿದ್ದದ್ದು ಮೂರು!

ಇದು ನನ್ನ ಕಾಗದದ ಲೆಕ್ಕ ಮಾತ್ರ ಅಲ್ಲ. 1993ರಲ್ಲೇ ಸ್ವೀಡನ್ನಿನಲ್ಲಿ ಬಾಲ್ಸಮ್ ಮತ್ತು ಸಂಗಡಿಗರು ಚೆನ್ನಾಗಿ ಓಡುವವರಿಗೆ ಆರು ದಿನ ದಿನಕ್ಕೆ 20 ಗ್ರಾಂ ಕೊಟ್ಟು ಆರು ಕಿಲೋಮೀಟರ್ ಓಡಿಸಿ ನೋಡಿದ್ದರು. ಅವರ ಮೈತೂಕ ಸರಾಸರಿ ಒಂದು ಕಿಲೋದ ಹತ್ತಿರ ಏರಿತ್ತು, ಓಟ ಮೊದಲಿಗಿಂತ ನಿಧಾನವಾಗಿತ್ತು. ಮೂವತ್ತು ವರ್ಷಕ್ಕೂ ಹಳೆಯ ಮಾತು ಇದು. ಹುಡುಗರಿಂದ ತಿಂಗಳಿಗೆ ಸಾವಿರಗಟ್ಟಲೆ ಫೀಸು ತೆಗೆದುಕೊಳ್ಳುವವರಿಗೆ ಇಷ್ಟು ತಿಳಿದುಕೊಳ್ಳಲು ಮೂವತ್ತು ವರ್ಷ ಸಾಲದೇ?

ಜಿಗಿತದ ಕಥೆಯೂ ಇಷ್ಟೇ. ಒಂದೂವರೆ ಕಿಲೋ ಹೆಚ್ಚು ಹೊತ್ತು ಅದೇ ಕಾಲಿನಲ್ಲಿ ಹಾರಿದರೆ ಮೈ ಮೇಲೇಳುವುದು ಒಂದು ಸೆಂಟಿಮೀಟರಿನಷ್ಟು ಕಡಿಮೆ. ಕ್ರಿಯಾಟಿನ್ ಸ್ವಲ್ಪ ಬಲ ಕೊಟ್ಟಿದ್ದರೆ ಅದು ಇದಕ್ಕೇ ವಜಾ. ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಕಿತ್ತುಕೊಂಡ ಹಾಗೆ.

ಆರನೆಯ ದಿನ ಹಳೆಯ ಮೈದಾನದಲ್ಲೇ 1600 ಓಡಿ ನೋಡಿದ. 6 ನಿಮಿಷ 34 ಸೆಕೆಂಡು. ಫೋನ್ ಮಾಡಿ "ಇವತ್ತ ಯಾಕೋ ಕಾಲ ಭಾರ ಅನಸ್ತು" ಅಂದ. ಆಗ ನಾನು ಕೂತು ಮೇಲಿನ ಲೆಕ್ಕವನ್ನೆಲ್ಲಾ ಹಾಕಿದೆ. ಹಾಕಿ ನಿಲ್ಲಿಸು ಅಂದೆ. ನಿಲ್ಲಿಸಿದ. ಆದರೆ ಇಲ್ಲೊಂದು ಕುತ್ತಿದೆ, ಇದನ್ನು ಪುಡಿ ಮಾರುವವರು ಹೇಳುವುದೇ ಇಲ್ಲ. ತುಂಬಲು ಐದು ದಿನ ಸಾಕು, ಖಾಲಿಯಾಗಲು ನಾಲ್ಕರಿಂದ ಆರು ವಾರ ಬೇಕು. ನಾಲ್ಕು ದಿನದಲ್ಲಿ ಏನು ಇಳಿದೀತು? ಉಪವಾಸ ಮಾಡಿಯೋ ಬೆವರು ಹರಿಸಿಯೋ ಇಳಿಸುತ್ತೇನೆ ಅಂತ ಹೊರಟರೆ ಓಟ ಇನ್ನೂ ಕೆಡುತ್ತದೆ. ಅವನು ಆ ನೀರನ್ನು ಹೊತ್ತುಕೊಂಡೇ ಪರೀಕ್ಷೆಗೆ ಹೋದ.

100 ಮೀಟರ್ ಪಾಸು. 1600ರಲ್ಲಿ ಕೊನೆಯ ಗೆರೆಗೆ ಇಪ್ಪತ್ತು ಮೀಟರ್ ಇದ್ದಾಗ ಸೀಟಿ ಊದಿದರು. ಐದು ಸೆಕೆಂಡಿನ ದಾರಿ. ಅವನ ಮುಂದಿದ್ದ ಹುಡುಗ ಗೆರೆ ದಾಟಿ ಮಂಡಿಯೂರಿ ನೆಲಕ್ಕೆ ನಮಸ್ಕಾರ ಮಾಡುತ್ತಿದ್ದನಂತೆ. ಇದನ್ನು ಹೇಳುವಾಗ ತಮ್ಮ ಅಳಲಿಲ್ಲ. ನಮ್ಮ ಮಾವ ಅತ್ತರು.

ಈಗ ಪ್ರಾಮಾಣಿಕವಾಗಿ ಒಂದು ಮಾತು. ಪುಡಿಯಿಂದಲೇ ಸೋತ ಅಂತ ನಾನು ಆಣೆ ಮಾಡಲಾರೆ. ಒಬ್ಬನ ಒಂದು ಓಟ ಯಾವುದಕ್ಕೂ ಸಾಕ್ಷಿಯಲ್ಲ. ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ಗುಂಪಿನಲ್ಲಿ ಎಲ್ಲರೂ ಚಿಮ್ಮಿದರು ಅಂತ ಮೊದಲ ಸುತ್ತು ವಿಪರೀತ ಜೋರಾಗಿ ಓಡಿದ್ದ. ಆರೂವರೆ ನಿಮಿಷಕ್ಕೆ 400 ಮೀಟರಿನ ಒಂದು ಸುತ್ತು 97.5 ಸೆಕೆಂಡು. ಮೊದಲ ಸುತ್ತನ್ನು 85ಕ್ಕೆ ಓಡಿದವನು ಮೂರನೆಯ ಸುತ್ತಿನಲ್ಲಿ ಅದರ ಬಡ್ಡಿ ಕಟ್ಟಲೇಬೇಕು. ಇದೆಲ್ಲಾ ಇದೆ. ಆದರೆ ಇಷ್ಟು ಮಾತ್ರ ಖಂಡಿತ: ಅವನಿಗೆ ಬೇಕಾಗಿದ್ದ ಐದು ಸೆಕೆಂಡನ್ನು ಕೊಡುವ ದಾರಿಯೇ ಆ ಪುಡಿಗೆ ಇರಲಿಲ್ಲ, ಕಸಿಯುವ ದಾರಿ ಇತ್ತು. ಅಂಥದ್ದನ್ನು ಹತ್ತು ದಿನ ಇರುವಾಗ ಅವನ ಕೈಗೆ ಕೊಟ್ಟವರು, "ತಗೋ" ಅಂದ ನಾನು, ಇಬ್ಬರೂ ತಪ್ಪಿತಸ್ಥರು.

ಆ ತರಬೇತುದಾರರನ್ನು ಆಮೇಲೆ ಹೋಗಿ ಕೇಳಿದೆ. ಜಗಳಕ್ಕೆ ಅಂತಲೇ ಹೋಗಿದ್ದೆ. ಮೊದಲು "ನೂರು ಹುಡುಗರಿಗೆ ಕೊಟ್ಟೀನಿ, ಎಷ್ಟೋ ಮಂದಿ ಪಾಸಾಗ್ಯಾರ" ಅಂದರು. ಸರಿ, ಪಾಸಾದವರು ಪುಡಿಯಿಂದ ಪಾಸಾದರೋ, ಪುಡಿ ಇದ್ದರೂ ಪಾಸಾದರೋ? 1600 ಮೀಟರನ್ನು ಐದೂಮುಕ್ಕಾಲು ನಿಮಿಷಕ್ಕೆ ಓಡುವ ಹುಡುಗನಿಗೆ ಎರಡು ಕಿಲೋ ಹೊರಿಸಿದರೂ ಪಾಸಾಗುತ್ತಾನೆ. ಅವನಿಗೆ ಪುಡಿ ಬೇಕಿರಲಿಲ್ಲ. ಅಂಚಿನಲ್ಲಿರುವವನಿಗೆ ಪುಡಿ ವಿಷ. ಹಾಗಾದರೆ ಯಾರಿಗಾಗಿ ಮಾರುವುದು?

ಆಮೇಲೆ "ಅದು ಮನಸಿಗೆ ಧೈರ್ಯ ಕೊಡ್ತೈತ್ರೀ" ಅಂದರು. ಧೈರ್ಯಕ್ಕೆ ಗ್ಲೂಕೋಸು ಸಾಕು, ಇಲ್ಲಾ ಊರಿನ ಬಸವಣ್ಣನ ಗುಡಿಯ ವಿಭೂತಿ ಸಾಕು. ಎರಡೂ ತೂಕ ಏರಿಸುವುದಿಲ್ಲ. ಧೈರ್ಯದ ಹೆಸರಿನಲ್ಲಿ 150 ಗ್ರಾಂ ಪುಡಿಗೆ 1,200 ರೂಪಾಯಿ ಕಿತ್ತಿದ್ದರು. ಅದೂ ಡಬ್ಬಿಯಲ್ಲಲ್ಲ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ. ತಯಾರಿಸಿದವರ ಹೆಸರಿಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇಲ್ಲ, ದಿನಾಂಕ ಇಲ್ಲ. ಒಳಗೆ ಇನ್ನೇನು ಬೆರೆತಿದೆ ಅಂತ ಯಾರಿಗೆ ಗೊತ್ತು? ಕ್ರಿಯಾಟಿನ್ ತಾನೇ ಅಪಾಯವಲ್ಲ, ಆದರೆ ಚೀಲದಲ್ಲಿರುವುದು ಕ್ರಿಯಾಟಿನ್ ಅಂತ ಹೇಳುವವರು ಯಾರು? ನನ್ನ ಕೊನೆಯ ಪ್ರಶ್ನೆಗೆ ಅವರು "ನೀವು ಕಂಪ್ಯೂಟರಿನವರು, ನಿಮಗಿದು ತಿಳಿಯೂದಿಲ್ಲ" ಅಂತ ಉತ್ತರ ಕೊಟ್ಟರು. ಒಪ್ಪಿದೆ. ತಕ್ಕಡಿ ಮತ್ತು ಗಡಿಯಾರ ಓದಲು ಮಾತ್ರ ನನಗೆ ಬರುತ್ತದೆ.

ಹಾಗಾದರೆ ಯಾರೂ ತಗೊಳ್ಳಲೇಬಾರದೇ? ಹಾಗೆ ಹೇಳಿದರೆ ನಾನೂ ಮೊದಲ ಗುಂಪಿನವನಾದೆ. ಇದೇ ಪರೀಕ್ಷೆಯ ಹೆಂಗಸರ ಅಳತೆ ನೋಡಿ. ಅವರಿಗೆ 100 ಮೀಟರ್ 18 ಸೆಕೆಂಡು, 800 ಮೀಟರ್ ನಾಲ್ಕು ನಿಮಿಷ, ಉದ್ದ ಜಿಗಿತ 2.7 ಮೀಟರ್, ಎತ್ತರ ಜಿಗಿತ 0.9 ಮೀಟರ್. ನಾಲ್ಕು ನಿಮಿಷಕ್ಕೆ 800 ಮೀಟರ್ ಅಂದರೆ ಅಭ್ಯಾಸ ಇದ್ದವರಿಗೆ ನಿಧಾನದ ಓಟ, ಅಲ್ಲಿ ಸಮಯ ಕೈಯಲ್ಲಿ ಉಳಿಯುತ್ತದೆ. 100 ಮೀಟರನ್ನು 18.4ಕ್ಕೆ ಓಡುವ, 800 ಮೀಟರನ್ನು ಮೂರೂಕಾಲು ನಿಮಿಷಕ್ಕೆ ಮುಗಿಸುವ ಹುಡುಗಿಯ ಅಂಚು ಇರುವುದು ಸಣ್ಣ ಓಟದಲ್ಲಿ. ಅವಳು ಮೂರು ತಿಂಗಳು ಮೊದಲೇ ಶುರು ಮಾಡಿ, ವಾರಕ್ಕೆ ಎರಡು ದಿನ ಸಣ್ಣ ಓಟ, ಎರಡು ದಿನ ಕಾಲಿನ ಬಲದ ಅಭ್ಯಾಸ ಮಾಡುವುದಾದರೆ ಕ್ರಿಯಾಟಿನ್ ಅವಳಿಗೆ ಸ್ವಲ್ಪ ಕೆಲಸಕ್ಕೆ ಬಂದೀತು. ಅದೇ ಪುಡಿ, ಬೇರೆ ಅಂಚು, ಬೇರೆ ಉತ್ತರ.

ನಮ್ಮ ರಾಜ್ಯದ ಕಾನ್ಸ್‌ಟೇಬಲ್ ಭರ್ತಿಯಲ್ಲಿ ಗಂಡಸರಿಗೆ 1600 ಮೀಟರ್ ಆರೂವರೆ ನಿಮಿಷ, 100 ಮೀಟರ್ ಇಲ್ಲವೇ ಇಲ್ಲ. ಸೇನೆಯ ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ, ಹತ್ತು ಪುಲ್ ಅಪ್ ಮಾಡಿದರೆ 40. ಓಟದಲ್ಲೂ ನಿಮ್ಮ ತೂಕ ನೀವೇ ಹೊರಬೇಕು, ಸರಳು ಹಿಡಿದು ಮೇಲೇಳುವಾಗಲೂ ನೀವೇ ಹೊರಬೇಕು. ಅಲ್ಲಿಗೆ ಹೋಗುವವರು ಇನ್ನೂ ಎರಡು ಸಲ ಯೋಚಿಸಿ.

ಯೋಚಿಸಿಯೂ ನೋಡಿಯೇ ಬಿಡುತ್ತೇನೆ ಅನ್ನುವವರಿಗೆ ಒಂದು ದಾರಿ ಹೇಳುತ್ತೇನೆ, ಇದಕ್ಕೆ ಕಾಸು ಬೇಡ. ಪರೀಕ್ಷೆಗೆ ಕನಿಷ್ಠ ಹನ್ನೆರಡು ವಾರ ಇರಬೇಕು. ಮೊದಲ ಎರಡು ವಾರ ಪುಡಿ ಇಲ್ಲದೆ ಬರೆದಿಡಿ: ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ, ವಾರಕ್ಕೊಮ್ಮೆ ಒಂದೇ ಮೈದಾನದಲ್ಲಿ ಒಂದೇ ಹೊತ್ತಿಗೆ 100 ಮೀಟರ್, ಉದ್ದ ಜಿಗಿತ, 1600. ಆಮೇಲೆ ದಿನಕ್ಕೆ 3 ಗ್ರಾಂ, ಊಟದ ಜೊತೆ. 20 ಗ್ರಾಮಿನ ಅವಸರ ಬೇಡ. 1996ರಲ್ಲೇ ಹುಲ್ಟ್‌ಮನ್ ಮತ್ತು ಸಂಗಡಿಗರು ತೋರಿಸಿದ್ದಾರೆ, ದಿನಕ್ಕೆ 3 ಗ್ರಾಮಿನಂತೆ ನಾಲ್ಕು ವಾರ ತಿಂದರೂ ಸ್ನಾಯು ಅಷ್ಟೇ ತುಂಬುತ್ತದೆ. ಒಂದೇ ಸಲ ಹೆಚ್ಚು ನುಂಗಿದರೆ ಹೊಟ್ಟೆ ಕೆಡುವುದು ಬೇರೆ. ನಾಲ್ಕು ವಾರ ಆದ ಮೇಲೆ ಪುಸ್ತಕ ತೆಗೆದು ನೋಡಿ. ಸಣ್ಣ ಓಟ ಬದಲಾಗದೆ ತೂಕ ಏರಿ 1600 ನಿಧಾನವಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಖಾಲಿಯಾಗಲು ಇನ್ನೂ ಆರು ವಾರ ನಿಮ್ಮ ಕೈಯಲ್ಲಿರುತ್ತದೆ. ಹನ್ನೆರಡು ವಾರ ಅಂತ ನಾನು ಹೇಳಿದ್ದು ಇದಕ್ಕೇ: ಅಳೆಯಲು ಎರಡು, ತುಂಬಲು ನಾಲ್ಕು, ತಪ್ಪಾದರೆ ಖಾಲಿ ಮಾಡಲು ಆರು. ಇಷ್ಟು ಸಮಯ ಇಲ್ಲದವನಿಗೆ ಪುಡಿಯ ಮಾತೇ ಬೇಡ. ಹದಿನೆಂಟು ತುಂಬದ ಹುಡುಗರಿಗೂ ಬೇಡ.

ಪೇಟೆಯಲ್ಲಿ ಹೈಡ್ರೋಕ್ಲೋರೈಡು, ಈಥೈಲ್ ಎಸ್ಟರು ಅಂತ ದುಬಾರಿ ಅವತಾರಗಳೂ ಇವೆ. ಸಾದಾ ಮೊನೋಹೈಡ್ರೇಟಿಗಿಂತ ಅವು ಮೇಲು ಅಂತ ಯಾರೂ ತೋರಿಸಿಲ್ಲ.

ತಮ್ಮ ಈಗ ಮತ್ತೆ ಓಡುತ್ತಿದ್ದಾನೆ. ವಯಸ್ಸು ಮೀರಲು ಇನ್ನೂ ಸ್ವಲ್ಪ ಸಮಯ ಇದೆ. ವಾರಕ್ಕೊಂದು ದಿನ 400 ಮೀಟರನ್ನು 93, 94 ಸೆಕೆಂಡಿಗೆ ಓಡಿ ಎರಡು ನಿಮಿಷ ನಡೆಯುವುದು, ಹೀಗೆ ಐದು ಸಲ. ಇನ್ನೊಂದು ದಿನ ಮಾತಾಡುತ್ತಾ ಓಡಬಹುದಾದ ವೇಗದಲ್ಲಿ ಐದಾರು ಕಿಲೋಮೀಟರ್. ಮೊದಲ ಸುತ್ತು 96ಕ್ಕಿಂತ ಬೇಗ ಬಂದರೆ ಅವನ ಗೆಳೆಯ ಗೆರೆಯ ಬಳಿ ನಿಂತು ಬೈಯುತ್ತಾನೆ. ನಾಲ್ಕು ತಿಂಗಳಲ್ಲಿ 6 ನಿಮಿಷ 11 ಸೆಕೆಂಡಿಗೆ ಬಂದಿದ್ದಾನೆ. ಹತ್ತೊಂಬತ್ತು ಸೆಕೆಂಡು ಉಳಿತಾಯ, ಪುಡಿ ಇಲ್ಲದೆ. ಆ 1,200 ರೂಪಾಯಿಗೆ ಏಳೆಂಟು ಕಿಲೋ ಶೇಂಗಾ ಬರುತ್ತಿತ್ತು ಅಂತ ಮಾವ ಇನ್ನೂ ಗೊಣಗುತ್ತಾರೆ.

ಮೊನ್ನೆ ಊರಲ್ಲಿ ಸಿಕ್ಕ ಆ ಇಬ್ಬರು ಹುಡುಗರ ಪೈಕಿ ಒಬ್ಬನಿಗೆ ಪರೀಕ್ಷೆಗೆ ಇನ್ನು ಹದಿಮೂರು ದಿನ. ಚೀಲ ಆಗಲೇ ಜೇಬಿನಲ್ಲಿತ್ತು. "1600 ಎಷ್ಟಕ್ಕ ಓಡ್ತೀಯೋ?" ಅಂತ ಕೇಳಿದೆ. "ಆರು ಇಪ್ಪತ್ತೈದು" ಅಂದ. ಚೀಲ ಇಸಿದುಕೊಂಡು ಅವನಿಗೆ ಅದರ ದುಡ್ಡು ಕೊಟ್ಟೆ. ಈಗ ಅದು ನನ್ನ ಮೇಜಿನ ಮೇಲಿದೆ.

ನಿಮ್ಮ ಊರಲ್ಲೂ ಭರ್ತಿಗೆ ಓಡುವ ಹುಡುಗರಿದ್ದರೆ ಈ ಒಂದೇ ಪ್ರಶ್ನೆ ಅವರಿಗೆ ಕೇಳಿ. ನಾನು ಕೇಳದೇ ಬಿಟ್ಟ ಪ್ರಶ್ನೆ ಅದು. ನಿಮ್ಮ ಅನುಭವ ಬೇರೆ ಇದ್ದರೆ, ಲೆಕ್ಕದಲ್ಲಿ ತಪ್ಪಿದ್ದರೆ ಕೆಳಗೆ ಬರೆಯಿರಿ, ತಿದ್ದಿಕೊಳ್ಳುತ್ತೇನೆ.